ಸೋಲಾರ್ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಇತ್ತೀಚೆಗೆ ಒಂದು ಕೊಟೇಶನ್ ತಂದು ತೋರಿಸಿದರು. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್, 25 ವರ್ಷಕ್ಕೆ 14 ಲಕ್ಷ ರೂಪಾಯಿ ಉಳಿತಾಯ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. "ಇದು ನಿಜವಾ ಸಾರ್?" ಅಂತ ಕೇಳಿದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಗುಣಿಸಿದ ಎರಡು ಅಂಕಿಗಳನ್ನು ನಾನು ಒಪ್ಪಲಿಲ್ಲ.

ಮೊದಲನೆಯದು ಯೂನಿಟ್ ದರ. ಮೇಷ್ಟ್ರ ಮನೆಯಲ್ಲಿ ತಿಂಗಳಿಗೆ 380 ಯೂನಿಟ್ ಖರ್ಚು, ಬಿಲ್ ಹತ್ತಿರ ಹತ್ತಿರ 3,000 ರೂಪಾಯಿ. ಕೊಟೇಶನ್ ಬರೆದವರು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿ 7.85 ರೂಪಾಯಿ ಅಂತ ಹಿಡಿದಿದ್ದರು. ಆದರೆ ಆ ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಸೇರಿದೆ. 2025-26ರ ದರದಲ್ಲಿ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ 3 ಕಿಲೋವ್ಯಾಟ್ ಮಂಜೂರಾತಿಗೆ 435 ರೂಪಾಯಿ. ಸೋಲಾರ್ ಹಾಕಿದರೂ ಅದನ್ನು ಕಟ್ಟಲೇಬೇಕು. ನಿಜವಾಗಿ ಉಳಿಯುವುದು ವಿದ್ಯುತ್ ಶುಲ್ಕ ಮತ್ತು ಅದರ ಜೊತೆ ಬರುವ ತೆರಿಗೆ ಮಾತ್ರ. ಬೆಸ್ಕಾಂ ಗೃಹಬಳಕೆ ದರ 2025-26ಕ್ಕೆ ಯೂನಿಟ್‌ಗೆ 5.80 ರೂಪಾಯಿ. ಆ ವರ್ಷದ ಪಿಂಚಣಿ ಸರ್‌ಚಾರ್ಜ್ 36 ಪೈಸೆ, ಮೇಲೆ ಶೇ 9 ತೆರಿಗೆ ಸೇರಿಸಿದರೆ ಸುಮಾರು 6.70 ಆಗುತ್ತದೆ. ನಿಮ್ಮ ಬಿಲ್ಲಿನಲ್ಲೂ ನಿಗದಿತ ಶುಲ್ಕ ಕಳೆದು ಭಾಗಿಸಿ ನೋಡಿ.

ಈ ದರದಲ್ಲಿ ಮೇಷ್ಟ್ರ ಲೆಕ್ಕ ಹೀಗಿದೆ. 540 ವ್ಯಾಟ್‌ನ 6 ಪ್ಯಾನೆಲ್, ಇನ್‌ವರ್ಟರ್, ಫ್ರೇಮು, ವೈರಿಂಗ್ ಎಲ್ಲಾ ಸೇರಿ 1.90 ಲಕ್ಷ. ಪಿಎಂ ಸೂರ್ಯ ಘರ್ ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಕೈಯಿಂದ ಹೋಗುವುದು 1.12 ಲಕ್ಷ. ನೆರಳಿಲ್ಲದ ತಾರಸಿಯಲ್ಲಿ ನಮ್ಮ ಕಡೆ ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಅಂತ ನಾನು ಹಿಡಿಯುತ್ತೇನೆ. ಆ ಲೆಕ್ಕಕ್ಕೆ 4,200 ಯೂನಿಟ್ ಬರುತ್ತದೆ. ಮನೆಯ ಖರ್ಚೇ ವರ್ಷಕ್ಕೆ 4,560 ಆದ್ದರಿಂದ ಅಷ್ಟೂ ಮನೆಗೇ ಆಗುತ್ತದೆ ಅನ್ನಿ. ಮೊದಲ ವರ್ಷದ ಉಳಿತಾಯ 28,140. ತೊಳೆಯುವುದು, ಸಣ್ಣಪುಟ್ಟ ರಿಪೇರಿ ಅಂತ 2,000 ತೆಗೆದಿಟ್ಟರೆ 26,140.

ದರ ಏರದೆ, ಪ್ಯಾನೆಲ್ ಸವೆಯದೆ ಹೀಗೇ ನಡೆದರೆ 4 ವರ್ಷ 3 ತಿಂಗಳು ದಾಟುವಷ್ಟರಲ್ಲಿ ದುಡ್ಡು ವಾಪಸ್. ಈಗ ಸವೆತ ಸೇರಿಸೋಣ. ಸಾಮಾನ್ಯ ವಾರಂಟಿಯ ಪ್ರಕಾರ ಮೊದಲ ವರ್ಷ ಶೇ 2, ಆಮೇಲೆ ಪ್ರತಿ ವರ್ಷ ಅರ್ಧ ಪರ್ಸೆಂಟ್‌ಗಿಂತ ತುಸು ಜಾಸ್ತಿ ಇಳಿಯುತ್ತದೆ. 25ನೇ ವರ್ಷಕ್ಕೆ 4,200ರ ಜಾಗದಲ್ಲಿ ಸುಮಾರು 3,625 ಯೂನಿಟ್. ಕೇಳುವುದಕ್ಕೆ ದೊಡ್ಡದಾಗಿ ಕಾಣುತ್ತದೆ. ಆದರೆ ಅಸಲು ವಾಪಸ್ ಬರುವುದು ಅದರಿಂದ ಸುಮಾರು ಒಂದು ತಿಂಗಳು ತಡವಾಗುತ್ತದೆ, ಅಷ್ಟೇ. ಎಲ್ಲರೂ ಹೆದರುವ ಸವೆತ ಈ ಲೆಕ್ಕದಲ್ಲಿ ತೀರಾ ಸಣ್ಣದು.

ಕೊಟೇಶನ್‌ನಲ್ಲಿ ನಾನು ಒಪ್ಪದ ಎರಡನೇ ಅಂಕಿ ದರ ಏರಿಕೆ. ಪ್ರತಿ ವರ್ಷ ಶೇ 5 ಏರುತ್ತದೆ ಅಂತ ಹಿಡಿದಿದ್ದರು. ಹಾಗೆ ಹಿಡಿದರೆ ದುಡ್ಡು 4 ವರ್ಷಕ್ಕೆ ಬರುತ್ತದೆ. ಏರಿಕೆಯೇ ಇಲ್ಲದಿದ್ದರೂ 4 ವರ್ಷ 5 ತಿಂಗಳಿಗೆ ಬರುತ್ತದೆ. ವ್ಯತ್ಯಾಸ ನಾಲ್ಕೈದು ತಿಂಗಳು. ಆದರೆ 25 ವರ್ಷದ ಒಟ್ಟು ಮೊತ್ತ ನೋಡಿ. ಏರಿಕೆ ಇಲ್ಲದೆ 6.5 ಲಕ್ಷ, ಶೇ 5 ಏರಿಕೆ ಹಿಡಿದರೆ 12.2 ಲಕ್ಷ. ಎರಡಕ್ಕೂ ಅದೇ ಪ್ಯಾನೆಲ್, ಅದೇ ಬಿಸಿಲು. ಮೇಲಿನ ಹೆಚ್ಚುಕಡಿಮೆ 6 ಲಕ್ಷ ಹುಟ್ಟಿದ್ದು ಏರಿಕೆಯ ಊಹೆಯಿಂದ.

ಆ ಊಹೆ ಎಷ್ಟು ಗಟ್ಟಿ? 2023-24ರಲ್ಲಿ 100 ಯೂನಿಟ್ ದಾಟಿದರೆ ಅಷ್ಟಕ್ಕೂ 7 ರೂಪಾಯಿ ಬೀಳುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದು 5.90 ಆಯಿತು, 2025ರಲ್ಲಿ 5.80. ಪಿಂಚಣಿ ಸರ್‌ಚಾರ್ಜ್ ಸೇರಿಸಿದರೂ 6.16, ಆ 7ಕ್ಕಿಂತ ಕಮ್ಮಿಯೇ. ಯೂನಿಟ್ ದರ ಇಳಿದಿದೆ, ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿದೆ. ಅಂದರೆ ಸೋಲಾರ್‌ನಿಂದ ಉಳಿಯುವ ಭಾಗ ಕಮ್ಮಿಯಾಗಿ, ಉಳಿಯದ ಭಾಗ ಜಾಸ್ತಿಯಾಗಿದೆ. ಮುಂದೆ ಯೂನಿಟ್ ದರ ಏರಲೂಬಹುದು. ಆದರೆ ಅದನ್ನು ನಂಬಿ ಸಾಲ ಮಾಡಬಾರದು. ನಾನು ಲೆಕ್ಕ ಹಾಕುವುದು ಏರಿಕೆ ಸೊನ್ನೆ ಅಂತ. ಹಾಗೆ ಹಾಕಿ, 12ನೇ ವರ್ಷಕ್ಕೆ ಹೊಸ ಇನ್‌ವರ್ಟರ್‌ಗೆ 40,000 ಕಳೆದರೂ ಮೇಷ್ಟ್ರ 1.12 ಲಕ್ಷಕ್ಕೆ ವರ್ಷಕ್ಕೆ ಶೇ 20 ದಾಟಿದ ಪ್ರತಿಫಲ ಸಿಗುತ್ತದೆ. ಸುಮ್ನೆ 14 ಲಕ್ಷ ಅಂತ ಉಬ್ಬಿಸುವ ಅಗತ್ಯವೇ ಇರಲಿಲ್ಲ.

ಈ ಲೆಕ್ಕವನ್ನು ನಿಜವಾಗಿ ಅಲ್ಲಾಡಿಸುವುದು ಸಬ್ಸಿಡಿ. ಅದು ಬರದಿದ್ದರೆ ಇದೇ ಮನೆಗೆ 4 ವರ್ಷ 5 ತಿಂಗಳ ಬದಲು ಏಳೂವರೆ ವರ್ಷ ಬೇಕು. ಪೂರ್ತಿ 1.90 ಲಕ್ಷ ಮೊದಲು ಹೊಂದಿಸಬೇಕು, ಸಬ್ಸಿಡಿ ಆಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಮೀಟರ್ ಇನ್ನೂ ತೀರಿಹೋದ ತಾತನ ಹೆಸರಲ್ಲಿರುವ ಮನೆಗಳು ಎಷ್ಟೋ ಇವೆ. ಅಂಥ ಮನೆಯವರು ಸಬ್ಸಿಡಿ ತಡೆಯಾಗದಂತೆ ಅಡ್ವಾನ್ಸ್ ಕೊಡುವ ಮೊದಲೇ ಆರ್.ಆರ್. ನಂಬರ್‌ನ ಹೆಸರು ಬದಲಾಯಿಸಿಕೊಳ್ಳಿ. ಇನ್ನೊಂದು ವಿಷಯ, ಸಬ್ಸಿಡಿಗೆ ದೇಶದಲ್ಲೇ ತಯಾರಾದ ಸೆಲ್ ಇರುವ ಡಿಸಿಆರ್ ಪ್ಯಾನೆಲ್ ಆಗಬೇಕು. ಹದಿನೈದಿಪ್ಪತ್ತು ಸಾವಿರ ಕಮ್ಮಿಗೆ ಕೊಡುತ್ತೇವೆ ಅಂದರೆ ಪ್ಯಾನೆಲ್ ಡಿಸಿಆರ್ ಹೌದಾ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಗೃಹಜ್ಯೋತಿ ಇರುವ ಮನೆಗೆ ಲೆಕ್ಕವೇ ಬೇರೆ. ತಿಂಗಳಿಗೆ 150 ಯೂನಿಟ್ ಬಳಸಿ ಬಿಲ್ ಸೊನ್ನೆ ಬರುತ್ತಿದ್ದರೆ ಸೋಲಾರ್ ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಲೈನಿಗೆ ಕಳಿಸಿದ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ 6.70ರ ಅರ್ಧವೂ ಮುಟ್ಟುವುದಿಲ್ಲ. ಅಂಥವರು ಕೇಳಿದರೆ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ಅದೇ ಕಾರಣಕ್ಕೆ, 250 ಯೂನಿಟ್ ಬಳಸುವ ಮನೆಗೆ 3 ಕಿಲೋವ್ಯಾಟ್ ದೊಡ್ಡದಾಯಿತು, 2 ಸಾಕು.

ಹಾಕಿಸಿದ ಮೇಲೆ ಕಾಗದದ ಲೆಕ್ಕ ತಪ್ಪುವುದು ಹೆಚ್ಚಾಗಿ ಧೂಳು ಮತ್ತು ಕರೆಂಟಿನಿಂದ. ಲೈನ್ ಹೋದರೆ ಬ್ಯಾಟರಿ ಇಲ್ಲದ ಸೋಲಾರ್ ಕೂಡ ನಿಲ್ಲುತ್ತದೆ. ಮಧ್ಯಾಹ್ನ ಒಂದು ಗಂಟೆ ಕರೆಂಟ್ ಹೋಯಿತು ಅಂದರೆ ಸುಮಾರು 2 ಯೂನಿಟ್ ನಷ್ಟ. ಹಗಲು ಹೊತ್ತು ತುಂಬಾ ಕರೆಂಟ್ ಹೋಗುವ ಕಡೆ 1,400ರ ಬದಲು 1,300 ಹಿಡಿಯಿರಿ. ಧೂಳಿಗೆ ನೀರು ಇದೆಯಲ್ವಾ ಅಂದರೆ, ಪಾವಗಡ, ಶಿರಾ, ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು. ಬಿಸಿ ಗಾಜಿನ ಮೇಲೆ ಹಾಗೇ ಒಣಗಿದರೆ ಬಿಳಿ ಪದರ ಕೂರುತ್ತದೆ, ಆಮೇಲೆ ಬಟ್ಟೆಯಲ್ಲಿ ಉಜ್ಜಿದರೂ ಹೋಗುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೊಳೆದು, ವೈಪರ್‌ನಲ್ಲಿ ನೀರು ಎಳೆದುಬಿಡಿ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಉತ್ಪಾದನೆ ಇಳಿದಿದೆ ಅನ್ನಿಸಿದರೆ ಜುಲೈ ತಿಂಗಳನ್ನು ಮಾರ್ಚ್ ಜೊತೆ ಹೋಲಿಸಬೇಡಿ. ಹೋದ ವರ್ಷದ ಮಾರ್ಚ್ ಜೊತೆ ಈ ವರ್ಷದ ಮಾರ್ಚ್ ಇಟ್ಟು ನೋಡಿ. ಒಂದೆರಡು ಪರ್ಸೆಂಟ್ ವ್ಯತ್ಯಾಸ ಸಹಜ, ಮೋಡದಿಂದಲೂ ಬರುತ್ತದೆ. ಶೇ 8-10 ಇಳಿದಿದ್ದರೆ ಅದು ಸವೆತ ಅಲ್ಲ. ಪೂರ್ತಿ ಬಿಸಿಲಿರುವ ದಿನ ಎಷ್ಟು ಯೂನಿಟ್ ಬಂತು ಅಂತ ಇನ್‌ವರ್ಟರ್‌ನಲ್ಲಿ ನೋಡಿ ಬರೆದಿಡಿ, ಪ್ಯಾನೆಲ್ ತೊಳೆಸಿ, ಅಂಥದೇ ಬಿಸಿಲಿನ ಮಾರನೇ ದಿನ ಮತ್ತೆ ನೋಡಿ. 11 ಇದ್ದದ್ದು 12.5 ಆದರೆ ಕಾರಣ ಧೂಳು. ಏನೂ ಏರದಿದ್ದರೆ ಹೊಸದಾಗಿ ಬಂದ ನೆರಳು, ಅಂದರೆ ಪಕ್ಕದ ಮನೆಯವರು ಎತ್ತಿದ ಇನ್ನೊಂದು ಮಹಡಿ ಅಥವಾ ಬೆಳೆದ ತೆಂಗಿನ ಗರಿ ಇದೆಯಾ ನೋಡಿ. ಅದೂ ಇಲ್ಲದಿದ್ದರೆ ಹಾಕಿದವರನ್ನು ಕರೆಸಿ ಕನೆಕ್ಟರ್ ಮತ್ತು ಪ್ರತಿ ಪ್ಯಾನೆಲ್‌ನ ವೋಲ್ಟೇಜ್ ಚೆಕ್ ಮಾಡಿಸಿ. ಪ್ಯಾನೆಲ್ ವಾರಂಟಿ ಕೇಳುವಾಗ ತಿಂಗಳ ಯೂನಿಟ್ ಬರೆದಿಟ್ಟ ಪುಸ್ತಕ ಕೈಯಲ್ಲಿರಲಿ.