ಆರು ಗೆದ್ದ ಮೇಲೆ ಸೋಲೇ ಸೋಲು ಯಾಕೆ: ರ‍್ಯಾಂಕ್ಡ್ ರೇಟಿಂಗ್‌ನ ಒಳಲೆಕ್ಕ

"ಎಂತ ಮಾರಾಯ, ಆರು ಮ್ಯಾಚ್ ಗೆದ್ದದ್ದೇ ತಪ್ಪಾ? ಈಗ ಗೇಮೇ ಬೇಕಂತ ಸೋಲಿಸ್ತಾ ಉಂಟು." ಮಣಿಪಾಲದ ಯಾವ ಹಾಸ್ಟೆಲ್‌ಗೆ ಹೋದರೂ, ಮಂಗಳೂರಿನ ಯಾವ ಗೇಮಿಂಗ್ ಕೆಫೆಯಲ್ಲಿ ಕೂತರೂ ರಾತ್ರಿ ಹತ್ತರ ನಂತರ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಗೇಮ್ ಬೇಕಂತಲೇ ಸೋಲಿಸುತ್ತದೆಯೇ ಎಂಬುದನ್ನು ಕೊನೆಯಲ್ಲಿ ನೋಡೋಣ. ಅದಕ್ಕಿಂತ ಮೊದಲು, ಯಾರೂ ಏನೂ ಕೈಯಾಡಿಸದಿದ್ದರೂ ಹೀಗೇ ಆಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಪ್ರಾಬಬಿಲಿಟಿಯ ಮೊದಲ ಪಾಠ ಗೊತ್ತಿದ್ದರೆ ಸಾಕು.

ಮೂಲ ಸೂತ್ರ

ಆಟಗಾರನ ಮಟ್ಟವನ್ನು ಒಂದು ಸಂಖ್ಯೆಯಲ್ಲಿ ಹೇಳುವುದೇ ರೇಟಿಂಗ್. ಇವತ್ತಿನ ಹೆಚ್ಚಿನ ರೇಟಿಂಗ್ ಪದ್ಧತಿಗಳ ಬೇರು ಚೆಸ್‌ನಲ್ಲಿದೆ. ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ಮಾಡಿದ ಲೆಕ್ಕ ಅದು. ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ ಅದನ್ನು ಒಪ್ಪಿಕೊಂಡಿತು, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ. ಇಡೀ ಲೆಕ್ಕ ಎರಡೇ ಸಾಲು:

```
E = 1 / (1 + 10^((B - A) / 400))
A_new = A + K * (S - E)
```

A ನಿಮ್ಮ ರೇಟಿಂಗ್, B ಎದುರಾಳಿಯದ್ದು. E ಅಂದರೆ ನೀವು ಗೆಲ್ಲುವ ಸಾಧ್ಯತೆಯ ಅಂದಾಜು. ಪಂದ್ಯ ಮುಗಿದ ಮೇಲೆ S ಬರುತ್ತದೆ. ಗೆದ್ದರೆ 1, ಸೋತರೆ 0. ಅಂದಾಜಿಗೂ ನಡೆದದ್ದಕ್ಕೂ ಇರುವ ವ್ಯತ್ಯಾಸವನ್ನು K ಎಂಬ ಸಂಖ್ಯೆಯಿಂದ ಗುಣಿಸಿ ನಿಮ್ಮ ರೇಟಿಂಗ್‌ಗೆ ಸೇರಿಸುತ್ತಾರೆ. K ದೊಡ್ಡದಿದ್ದರೆ ರೇಟಿಂಗ್ ಜಾಸ್ತಿ ಜಿಗಿಯುತ್ತದೆ. ಫಿಡೆಯಲ್ಲಿ ಹೊಸಬರಿಗೆ 40, ಒಮ್ಮೆ 2400 ಮುಟ್ಟಿದವರಿಗೆ 10. ನಾವಿಲ್ಲಿ 32 ಎಂದು ಇಟ್ಟುಕೊಳ್ಳೋಣ.

ಆನ್‌ಲೈನ್ ಗೇಮ್‌ನ ರ‍್ಯಾಂಕ್ಡ್ ಪಂದ್ಯಗಳಲ್ಲಿ ಮ್ಯಾಚ್‌ಮೇಕರ್ ನಿಮ್ಮಷ್ಟೇ ರೇಟಿಂಗ್ ಇರುವವರನ್ನು ಹುಡುಕಿ ತರುತ್ತದೆ. ಹಾಗಾಗಿ E ಹೆಚ್ಚುಕಮ್ಮಿ ಯಾವಾಗಲೂ 0.5. ಗೆದ್ದರೆ +16, ಸೋತರೆ −16. ಇಷ್ಟು ಸರಳ ಇದ್ದರೂ ಸ್ಟ್ರೀಕ್, ಅಂದರೆ ಸಾಲು ಗೆಲುವು ಸಾಲು ಸೋಲು, ಯಾಕೆ ಅಂಕುಡೊಂಕು?

ಆರು ಗೆಲುವಿನ ಬೆಲೆ

ಒಬ್ಬ ಹುಡುಗನ ನಿಜವಾದ ಮಟ್ಟ 1500 ಎಂದಿರಲಿ. ಅವನ ರೇಟಿಂಗ್ ಕೂಡ ಈಗ 1500. ಒಂದು ಸಂಜೆ ಅವನು ಸಾಲಾಗಿ ಆರು ಗೆದ್ದ. ಆಟ ಸುಧಾರಿಸಲಿಲ್ಲ, ಸುಮ್ನೆ ಅದೃಷ್ಟ ಕೂಡಿ ಬಂತು. ನಾಣ್ಯ ಆರು ಸಲ ಹೆಡ್ ಬೀಳುವ ಸಾಧ್ಯತೆ 64ರಲ್ಲಿ 1. ದಿನಾ ಆಡುವವನಿಗೆ ಇದು ಅಪರೂಪವೇನಲ್ಲ. ಈಗ ಅವನ ರೇಟಿಂಗ್ 1500 + 6 × 16 = 1596.

ಮುಂದಿನ ಪಂದ್ಯಕ್ಕೆ ಮ್ಯಾಚ್‌ಮೇಕರ್ 1596ರ ಎದುರಾಳಿಯನ್ನು ತರುತ್ತದೆ. ಗೇಮ್‌ನ ಕಣ್ಣಿಗೆ ಇದು ಸಮಬಲದ ಪಂದ್ಯ. ಆದರೆ ನಮ್ಮ ಹುಡುಗ ನಿಜಕ್ಕೂ 1500ರವನು, ಎದುರಿನವನು ನಿಜಕ್ಕೂ 1596ರವನು ಎಂದಿರಲಿ. 96ರ ಅಂತರವನ್ನು ಸೂತ್ರಕ್ಕೆ ಹಾಕಿದರೆ ಅವನು ಗೆಲ್ಲುವ ಸಾಧ್ಯತೆ 36.5%. ಪರದೆಯ ಮೇಲೆ ಸಮಬಲ, ಒಳಗೆ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಸೋಲು.

ಈಗ ಸಾಲಾಗಿ ಮೂರು ಸೋಲುವ ಸಾಧ್ಯತೆ ನೋಡಿ. ಅವನ ಮಟ್ಟದಲ್ಲೇ ಇದ್ದಿದ್ದರೆ ಅದು 12.5%. ಇಲ್ಲಿ ಮೊದಲ ಸೋಲಿನ ಸಾಧ್ಯತೆ 63.5%. ಸೋತು 1580ಕ್ಕೆ ಇಳಿದ ಮೇಲೆ 61.3%, 1564ರಲ್ಲಿ 59.1%. ಮೂರನ್ನೂ ಗುಣಿಸಿದರೆ ಸುಮಾರು 23%. ಅಂದರೆ ಹತ್ತಿರ ಹತ್ತಿರ ದುಪ್ಪಟ್ಟು. ಗೆಲುವಿನ ಸಾಲಿನ ಬೆನ್ನಿಗೇ ಸೋಲಿನ ಸಾಲು ಬಂದಂತೆ ಅನಿಸುವುದು ಸುಳ್ಳಲ್ಲ. ಅದು ನಿಜವೇ. ಆದರೆ ಅದಕ್ಕೆ ಯಾರ ಸಂಚೂ ಬೇಕಿಲ್ಲ. ಅದೃಷ್ಟದಿಂದ ಬಂದ 96 ಪಾಯಿಂಟ್‌ಗಳನ್ನು ಪದ್ಧತಿ ಕೌಶಲ ಎಂದೇ ನಂಬಿತು, ಅದಕ್ಕೆ ತಕ್ಕ ಎದುರಾಳಿಯನ್ನು ಕೊಟ್ಟಿತು, ಅಷ್ಟೇ.

ಆ 96 ಎಷ್ಟು ಬೇಗ ಕರಗುತ್ತದೆ? 1596ರಲ್ಲಿ ಪ್ರತಿ ಪಂದ್ಯಕ್ಕೆ ಸರಾಸರಿ ನಷ್ಟ 32 × (0.5 − 0.365), ಅಂದರೆ 4 ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ. ಕೆಳಗಿಳಿದಂತೆ ಈ ಎಳೆತ ಕಮ್ಮಿಯಾಗುತ್ತದೆ. ಲೆಕ್ಕ ಹಾಕಿದರೆ ಹೆಚ್ಚುವರಿಯ ಅರ್ಧ ಹೋಗಲು ಸರಾಸರಿ 15 ಪಂದ್ಯ ಬೇಕು. ಹತ್ತಿದ್ದು ಆರೇ ಪಂದ್ಯದಲ್ಲಿ, ಅರ್ಧ ಇಳಿಯಲಿಕ್ಕೇ ಎರಡು ಮೂರು ದಿನದ ಎಳೆದಾಟ. ಹಾಗಾಗಿ ಹತ್ತಿದ್ದು ಒಂದು ಸಂಜೆಯ ಸಂತೋಷ, ಇಳಿದದ್ದು ಇಡೀ ವಾರದ ಕಿರಿಕಿರಿ. ನಡುವೆ ಸಿಟ್ಟಿನಲ್ಲಿ "ಇನ್ನೊಂದು ಮ್ಯಾಚ್" ಎಂದು ಕೂತವನ ನಿಜವಾದ ಮಟ್ಟವೂ ಆ ಹೊತ್ತಿಗೆ ಕುಸಿದಿರುತ್ತದೆ. ಅದು ಸೂತ್ರದಲ್ಲಿಲ್ಲ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಆಟ ಕಿಂಚಿತ್ತೂ ಬದಲಾಗದಿದ್ದರೂ K 32 ಇರುವಾಗ ರೇಟಿಂಗ್ ತನ್ನ ನಿಜವಾದ ಜಾಗದ ಆಚೀಚೆ ಸುಮಾರು 50 ಪಾಯಿಂಟ್ ಓಲಾಡುತ್ತಲೇ ಇರುತ್ತದೆ. ಮೀನು ಮಾರ್ಕೆಟ್‌ನ ಹಳೇ ತಕ್ಕಡಿಯ ಮುಳ್ಳಿನಂತೆ ಅದು. ಮುಳ್ಳು ಬಲಕ್ಕೆ ವಾಲಿದ ಕ್ಷಣದ ಅಂಕಿ ಹಿಡಿದು ತೂಕ ಹೇಳಿದರೆ ಯಾರೂ ಒಪ್ಪುವುದಿಲ್ಲ. ಆದರೆ ನಾವು ನಮ್ಮ ಅತಿ ಹೆಚ್ಚಿನ ರೇಟಿಂಗನ್ನೇ "ನನ್ನ ರ‍್ಯಾಂಕ್" ಎಂದು ಹೇಳಿಕೊಂಡು ತಿರುಗುತ್ತೇವೆ, ಅಲ್ವಾ?

ಸ್ಟ್ರೀಕ್ ಸ್ವತಃ ಎಷ್ಟು ಸಾಮಾನ್ಯ ಎಂಬುದೂ ಗೊತ್ತಿರಬೇಕು. 20 ಸಲ ನಾಣ್ಯ ಚಿಮ್ಮಿದರೆ, ಎಲ್ಲೋ ಒಂದು ಕಡೆ ಐದು ಅಥವಾ ಹೆಚ್ಚು ಸಲ ಒಂದೇ ಮುಖ ಸಾಲಾಗಿ ಬೀಳುವ ಸಾಧ್ಯತೆ ಸುಮಾರು 46%. "ಐದು ಸಾಲಾಗಿ ಗೆದ್ದೆ" ಅಥವಾ "ಐದು ಸಾಲಾಗಿ ಸೋತೆ" ಎಂಬುದು 20 ಪಂದ್ಯದಲ್ಲಿ ಸುದ್ದಿಯೇ ಅಲ್ಲ.

ಕಾಣುವ ಪಾಯಿಂಟ್ ಬೇರೆ, ಒಳಗಿನದು ಬೇರೆ

ಇಲ್ಲಿಯವರೆಗೆ ಒಂದೇ ಸಂಖ್ಯೆ ಇದೆ ಎಂದುಕೊಂಡೆವು. ವ್ಯಾಲೊರಂಟ್‌ನಂಥ ಗೇಮ್‌ಗಳಲ್ಲಿ ಎರಡಿವೆ. ಎದುರಾಳಿಯನ್ನು ಆರಿಸುವುದು ಒಳಗೆ ಬಚ್ಚಿಟ್ಟ ಎಂಎಂಆರ್ ಎಂಬ ರೇಟಿಂಗ್. ನಮಗೆ ಕಾಣುವುದು ಬ್ಯಾಡ್ಜ್ ಮತ್ತು ಅದರ ಪಾಯಿಂಟ್. ಎರಡೂ ಒಂದೇ ಜಾಗದಲ್ಲಿ ಇರಬೇಕೆಂದಿಲ್ಲ. ಒಳಗಿನದು ಮೇಲಿದ್ದರೆ ಕಾಣುವುದನ್ನು ಮೇಲಕ್ಕೆ ಎಳೆಯಲು ಗೆಲುವಿಗೆ ಜಾಸ್ತಿ, ಸೋಲಿಗೆ ಕಮ್ಮಿ ಕೊಡುತ್ತಾರೆ. ಉದಾಹರಣೆಗೆ ಗೆದ್ದರೆ +24, ಸೋತರೆ −16 ಎಂದಿರಲಿ. ಆಗ ಅರ್ಧ ಗೆದ್ದು ಅರ್ಧ ಸೋತರೂ ಪ್ರತಿ ಪಂದ್ಯಕ್ಕೆ ಸರಾಸರಿ 4 ಪಾಯಿಂಟ್ ಮೇಲೇರುತ್ತೀರಿ. ಎರಡೂ ಒಂದಾದ ಮೇಲೆ +20, −20. ಅಲ್ಲಿಂದ ಏರಿಕೆ ಥಟ್ಟನೆ ನಿಂತಂತೆ ಕಾಣುತ್ತದೆ. ಆಟ ಕೆಟ್ಟಿತು ಎಂದಲ್ಲ, ಸಾಲ ತೀರಿತು ಎಂದರ್ಥ. ಕಾಣುವುದು ಒಳಗಿನದನ್ನು ದಾಟಿ ಮೇಲೆ ಹೋದರೆ ಲೆಕ್ಕ ತಿರುಗಿ ಬೀಳುತ್ತದೆ: ಗೆದ್ದರೆ +16, ಸೋತರೆ −24. ಗೆದ್ದಾಗ ಎಷ್ಟು ಬಂತು, ಸೋತಾಗ ಎಷ್ಟು ಹೋಯಿತು ಎಂದು ಹೋಲಿಸಿ ನೋಡಿದರೆ ನಿಮ್ಮ ಒಳಗಿನ ರೇಟಿಂಗ್ ಎಲ್ಲಿದೆ ಎಂದು ಊಹಿಸಬಹುದು. ಬಚ್ಚಿಟ್ಟ ಸಂಖ್ಯೆಯನ್ನು ನೋಡಲು ಆಟಗಾರನ ಕೈಯಲ್ಲಿರುವ ಒಳ್ಳೆಯ ಕಿಟಕಿ ಅದೇ.

ಹೊಸ ಖಾತೆಯ ಓಟವೂ ಹೀಗೆಯೇ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗಾಗಿ ಮಾಡಿದ ಟ್ರೂಸ್ಕಿಲ್‌ನಲ್ಲಿ ಪ್ರತಿ ಆಟಗಾರನಿಗೆ ಎರಡು ಸಂಖ್ಯೆ: ಕೌಶಲದ ಅಂದಾಜು, ಮತ್ತು ಆ ಅಂದಾಜಿನ ಅನುಮಾನ. ಶುರುವಿನಲ್ಲಿ ಅಂದಾಜು 25, ಅನುಮಾನ 25ರ ಮೂರನೇ ಒಂದು ಭಾಗ. ಪಟ್ಟಿಯಲ್ಲಿ ತೋರಿಸುವುದು ಅಂದಾಜಿನಿಂದ ಅನುಮಾನದ ಮೂರು ಪಟ್ಟು ಕಳೆದದ್ದು. ಹಾಗಾಗಿ ಎಲ್ಲರೂ ಸೊನ್ನೆಯಿಂದ ಶುರು. ಆಡುತ್ತಾ ಹೋದಂತೆ ಅನುಮಾನ ಕಮ್ಮಿಯಾಗುತ್ತದೆ, ಅಷ್ಟಕ್ಕೇ ಕಾಣುವ ಸಂಖ್ಯೆ ಏರುತ್ತದೆ. ಗೆದ್ದರೆ ಎರಡೂ ಕಡೆಯಿಂದ ಲಾಭ. ಸೋತರೆ ಅಂದಾಜು ಇಳಿದದ್ದನ್ನು ಕಮ್ಮಿಯಾದ ಅನುಮಾನ ಸ್ವಲ್ಪ ಮುಚ್ಚಿಹಾಕುತ್ತದೆ. ಮೊದಲ ವಾರದ ಏರಿಕೆಯನ್ನು ಪ್ರತಿಭೆ ಎಂದುಕೊಳ್ಳುವ ಮುಂಚೆ ಇದು ನೆನಪಿರಲಿ.

ಪರೀಕ್ಷೆ ಎಂದು ಎರಡು ತಿಂಗಳು ಬಿಟ್ಟು ಬಂದರೆ ಅನುಮಾನ ಮತ್ತೆ ಬೆಳೆಯುತ್ತದೆ. ಲಿಚೆಸ್ ಬಳಸುವ ಗ್ಲಿಕೊ-2 ಪದ್ಧತಿ ಹಾಗೇ ಮಾಡುತ್ತದೆ. ಅಂದಾಜು ನಂಬುವಷ್ಟು ಗಟ್ಟಿಯಿಲ್ಲದಾಗ ಅಲ್ಲಿ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆ ಹೊತ್ತಿನ ಗೆಲುವು ಸೋಲು ಎರಡೂ ದೊಡ್ಡ ಜಿಗಿತ.

ಐದು ಜನರ ತಂಡ, ನಡುರಾತ್ರಿಯ ಕ್ಯೂ

ತಂಡದ ಆಟದಲ್ಲಿ ಫಲಿತಾಂಶ ಹತ್ತು ಜನರದ್ದು. ನಿಮ್ಮೊಬ್ಬರ ಕೌಶಲದ ಸುಳಿವು ಒಂದು ಪಂದ್ಯದಲ್ಲಿ ತೀರಾ ಸ್ವಲ್ಪ. ಹಾಗಾಗಿ ರೇಟಿಂಗ್ ಸರಿಯಾದ ಜಾಗಕ್ಕೆ ಬರಲು ಚೆಸ್‌ಗಿಂತ ಎಷ್ಟೋ ಜಾಸ್ತಿ ಪಂದ್ಯ ಬೇಕು. ಓಲಾಟಕ್ಕೂ ಜಾಸ್ತಿ ಜಾಗ.

ರಾತ್ರಿ ಎರಡು ಗಂಟೆಗೆ ಆಡುವವರು ಕಮ್ಮಿ. ನಿಮ್ಮ ಮಟ್ಟದವರು ಸಿಗದಿದ್ದರೆ ಮ್ಯಾಚ್‌ಮೇಕರ್ ಬಲೆ ಅಗಲ ಮಾಡುತ್ತದೆ. 150 ಮೇಲಿನವನು ಸಿಕ್ಕಿದರೆ ಗೆಲ್ಲುವ ಸಾಧ್ಯತೆ 30%. ಸೋತರೆ ಹೋಗುವುದು 9.5, ಗೆದ್ದರೆ ಬರುವುದು 22.5. ಪಾಯಿಂಟ್ ಮಟ್ಟಿಗೆ ನ್ಯಾಯವೇ. ಸ್ಟ್ರೀಕ್ ಎಣಿಸುವವನಿಗೆ ಮಾತ್ರ ಅದು ಬರೀ ಇನ್ನೊಂದು ಸೋಲು. ಅಂದಹಾಗೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಿದ್ದ ಪಂದ್ಯವೂ ಹೆಚ್ಚಿನ ಗೇಮ್‌ಗಳ ಲೆಕ್ಕಕ್ಕೆ ಸೋಲೇ. ಸೂತ್ರಕ್ಕೆ ಮೆಸ್ಕಾಂ ಗೊತ್ತಿಲ್ಲ.

ಬೇಕಂತಲೇ ಸೋಲಿಸುತ್ತದೆಯೇ?

ಅನುಮಾನಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಆಟಗಾರ ಗೇಮ್‌ನೊಳಗೆ ವಸ್ತು ಕೊಳ್ಳುವಂತೆ ಎದುರಾಳಿಯನ್ನು ಆರಿಸುವ ವಿಧಾನಕ್ಕೆ ಆಕ್ಟಿವಿಷನ್‌ಗೆ 2017ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಯಾವ ಗೇಮ್‌ನಲ್ಲೂ ಬಳಸಿಲ್ಲ ಎಂದು ಕಂಪನಿ ಆಗ ಹೇಳಿತು. ಆದರೆ ಸಾಲಾಗಿ ಸೋತದ್ದು ಮಾತ್ರ ಸಾಕ್ಷಿಯಾಗದು, ಏಕೆಂದರೆ ಪ್ರಾಮಾಣಿಕವಾದ ಎಲೋ ಲೆಕ್ಕದಲ್ಲೂ ಅದೇ ಕಾಣುತ್ತದೆ.

ನಿಮ್ಮದೇ ದಾಖಲೆಯಲ್ಲಿ ಪರೀಕ್ಷಿಸಲು ಒಂದು ದಾರಿ ಇದೆ. ಮ್ಯಾಚ್ ಹಿಸ್ಟರಿ ತೆರೆದು, ಸಾಲಾಗಿ ಮೂರು ಗೆದ್ದ ಜಾಗಗಳನ್ನು ಗುರುತು ಮಾಡಿ. ಪ್ರತಿಯೊಂದರ ನಂತರದ ಪಂದ್ಯದ ಫಲಿತಾಂಶ ಮಾತ್ರ ಬರೆದುಕೊಳ್ಳಿ. ಸರಿಯಾದ ಜಾಗದಿಂದ ಮೂರು ಗೆದ್ದವನು 48 ಮೇಲಿದ್ದಾನೆ, ಅವನ ಮುಂದಿನ ಗೆಲುವಿನ ಸಾಧ್ಯತೆ 43%. ಆದರೆ ಎಷ್ಟೋ ಸಾಲುಗಳು ರೇಟಿಂಗ್ ಕೆಳಗೆ ಬಿದ್ದಿದ್ದಾಗ ಶುರುವಾಗಿರುತ್ತವೆ. ಹಾಗಾಗಿ ಒಟ್ಟು ಸರಾಸರಿ 43 ಮತ್ತು 50ರ ನಡುವೆ ಎಲ್ಲೋ ಬರಬೇಕು. ಆಟ ನಿಜಕ್ಕೂ ಸುಧಾರಿಸುತ್ತಿದ್ದರೆ 50 ದಾಟಬಹುದು. ಇಂಥ 20 ಜಾಗ ಸಿಕ್ಕಿದರೆ ಸುಮಾರು 9 ಗೆಲುವು ನಿರೀಕ್ಷೆ. ಅದೃಷ್ಟದ ಏರಿಳಿತದಿಂದ 5ರಿಂದ 13ರವರೆಗೆ ಏನು ಬಂದರೂ ಮಾಮೂಲಿ. 2 ಅಥವಾ 3 ಬಂದರೆ ಇನ್ನೊಂದಷ್ಟು ಪಂದ್ಯ ಸೇರಿಸಿ ಮತ್ತೆ ಎಣಿಸಿ. ಗೆಳೆಯರದ್ದನ್ನೂ ಸೇರಿಸಿಕೊಳ್ಳಬಹುದು, ಆದರೆ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದ ಪಂದ್ಯವನ್ನು ಒಂದೇ ಸಲ ಎಣಿಸಬೇಕು.