ಸಪೋರ್ಟ್‌ನಿಂದ ಪ್ರಾಡಕ್ಟ್ ಟೀಮ್‌ಗೆ: ಕವರ್ ಲೆಟರ್‌ನಲ್ಲಿ ಏನಿರಬೇಕು?

ಪ್ರಶ್ನೆ: ಆನ್‌ಲೈನ್‌ನಲ್ಲಿ ದಿನಸಿ ಮಾರುವ ಕಂಪನಿಯೊಂದರ ಕಸ್ಟಮರ್ ಸಪೋರ್ಟ್‌ನಲ್ಲಿದ್ದೇನೆ. ನಮ್ಮಲ್ಲೇ ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ ಐಜೆಪಿ, ಅಂದರೆ ಕಂಪನಿಯ ಒಳಗಿನವರಿಗೇ ಹಾಕುವ ಕೆಲಸದ ಪ್ರಕಟಣೆ, ಬಂದಿದೆ. ಕವರ್ ಲೆಟರ್ ಕೇಳಿದ್ದಾರೆ. ಆ ಟೀಮ್‌ನವರಿಗೆಲ್ಲ ನಾನು ಗೊತ್ತು, ಹೊಸದಾಗಿ ಏನು ಬರೆಯಲಿ?

ಉತ್ತರ: ಗೊತ್ತಿರುವುದೇ ತೊಂದರೆ. ಟಿಕೆಟ್‌ಗಳನ್ನು ಬೇಗ ಮುಗಿಸುವವರು ಅಂತ ಅವರಿಗೆ ನೀವು ಗೊತ್ತು. ದಿನಕ್ಕೆ ಎಷ್ಟು ಟಿಕೆಟ್, ಗ್ರಾಹಕರ ತೃಪ್ತಿಯ ಅಂಕ ಸಿಸ್ಯಾಟ್ ಎಷ್ಟು ಅಂತ ಪತ್ರ ತುಂಬಿಸಿದರೆ, ಇವರು ಸಪೋರ್ಟ್‌ನಲ್ಲೇ ಇರಲಿ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಒಂದು ಸಾಲು ಸಾಕು. ಉಳಿದ ಜಾಗವನ್ನು ಒಂದೇ ಒಂದು ದೂರಿಗೆ ಕೊಡಿ. ಅದರ ಬೇರು ಪ್ರಾಡಕ್ಟ್‌ನಲ್ಲೇ ಇರಬೇಕು, ಅದನ್ನು ನೀವೇ ಹುಡುಕಿರಬೇಕು.

ಉದಾಹರಣೆಗೆ, "ದುಡ್ಡು ಎರಡು ಸಲ ಕಟ್ ಆಗಿದೆ" ಎಂಬ ದೂರು ತೆಗೆದುಕೊಳ್ಳಿ. ಪತ್ರದಲ್ಲಿ ಹೀಗೆ ಬರೆಯಬಹುದು:

"ಒಂದು ತಿಂಗಳ ರೀಫಂಡ್ ಟಿಕೆಟ್‌ಗಳಲ್ಲಿ 120 ತೆಗೆದು ಓದಿದೆ. 70ರಲ್ಲಿ ಮೊದಲ ಯುಪಿಐ ಪೇಮೆಂಟ್ ಇನ್ನೂ ಪೆಂಡಿಂಗ್ ಇದ್ದಾಗಲೇ ನಮ್ಮ ಆ್ಯಪ್ 'ವಿಫಲ' ಎಂದು ತೋರಿಸಿತ್ತು. ಗ್ರಾಹಕರು ಮತ್ತೆ ಹಣ ಕಟ್ಟಿದ್ದರು. 'ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದೇವೆ' ಎಂದು ತೋರಿಸಿ, ಸ್ವಲ್ಪ ಹೊತ್ತು ಪೇ ಬಟನ್ ಮುಚ್ಚಿಡೋಣ ಎಂದು ಸೂಚಿಸಿದೆ. ಬಟನ್ ಮುಚ್ಚಿದರೆ ಆರ್ಡರ್ ಬಿಟ್ಟು ಹೋಗುತ್ತಾರೆ ಎಂದು ಟೀಮ್ ಸಂದೇಶವನ್ನಷ್ಟೇ ಬದಲಿಸಿತು."

ಕೊನೆಯ ವಾಕ್ಯವನ್ನು ಜನ ಅಳಿಸಿಬಿಡುತ್ತಾರೆ. ದಯವಿಟ್ಟು ಅದನ್ನು ಹಾಗೇ ಉಳಿಸಿ. ನಿಮ್ಮ ಸಲಹೆ ಅರ್ಧ ತಿರಸ್ಕಾರವಾದದ್ದು ಯಾಕೆ ಅಂತ ನಿಮಗೆ ಅರ್ಥವಾಗಿದೆ ಎಂದು ತೋರಿಸುವುದು ಅದೇ. ಪ್ರಾಡಕ್ಟ್‌ನವರ ದಿನವೆಲ್ಲ ಇಂಥ ಕೊಡು-ಕೊಳ್ಳುವಿಕೆಯಲ್ಲೇ ಕಳೆಯುತ್ತದೆ. ಬದಲಾವಣೆ ಮಾಡಿದ್ದು ಡೆವಲಪರ್‌ಗಳು ಎಂಬುದೂ ಪತ್ರದಲ್ಲಿ ಸ್ಪಷ್ಟವಾಗಿರಲಿ. ಓದುವವರು ಪಕ್ಕದ ಸೀಟಿನವರು, ಕೇಳಿ ನೋಡುತ್ತಾರೆ.

ಇನ್ನೊಂದು ಕಡೆ ಎಡವುತ್ತೇವೆ. "ಗ್ರಾಹಕರ ನಾಡಿ ನನಗೆ ಗೊತ್ತು" ಅಂತ ಬರೆಯಬೇಡಿ. ಸಪೋರ್ಟ್‌ಗೆ ಬರುವುದು ದೂರು ಕೊಡುವವರು ಮಾತ್ರ. ಸುಮ್ನೆ ಆ್ಯಪ್ ಅಳಿಸಿ ಹೋದವರು ಟಿಕೆಟ್ ಹಾಕುವುದಿಲ್ಲ. ಅದಕ್ಕೇ ಒಂದು ಸಾಲು ಸೇರಿಸಿ: "ಈ 120 ಜನ ದೂರು ಕೊಟ್ಟವರು. ಒಟ್ಟು ಪೇಮೆಂಟ್‌ಗಳಲ್ಲಿ ಇದು ಎಷ್ಟು ಪಾಲು ಎಂಬುದನ್ನು ಡೇಟಾ ಟೀಮ್ ಜೊತೆ ನೋಡಬೇಕು." ನನ್ನ ಪ್ರಕಾರ ಇಡೀ ಪತ್ರದಲ್ಲಿ ಜಾಸ್ತಿ ಕೆಲಸ ಮಾಡುವ ಸಾಲು ಇದೇ.

ಟಿಕೆಟ್‌ನ ಸ್ಕ್ರೀನ್‌ಶಾಟ್, ಗ್ರಾಹಕರ ಹೆಸರು, ನಂಬರ್ ಹಾಕಬೇಡಿ. ನೈಟ್ ಶಿಫ್ಟ್ ಸಾಕಾಗಿದೆ ಎಂಬುದೂ ಬೇಡ. ಒಂದು ಪುಟ ಮೀರಬಾರದು.

ಕಳಿಸುವ ಮುಂಚೆ ನಿಮ್ಮ ಮ್ಯಾನೇಜರ್‌ಗೆ ಹೇಳಿ. ಎಷ್ಟೋ ಕಂಪನಿಗಳಲ್ಲಿ ಅವರ ಒಪ್ಪಿಗೆ ಇಲ್ಲದೆ ಐಜೆಪಿ ಮುಂದೆ ಹೋಗುವುದೇ ಇಲ್ಲ. ನಿಮ್ಮ ಕ್ಯೂ ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ಕಲಿಸಲು ಎಷ್ಟು ವಾರ ಬೇಕು ಎಂದು ಮ್ಯಾನೇಜರ್ ಜೊತೆ ಮಾತಾಡಿ, ಅದನ್ನೇ ಪತ್ರದ ಕೊನೆಯಲ್ಲಿ ಬರೆಯಿರಿ.