ಸಂಜೆಯ 72 ಗಂಟೆಗಳಲ್ಲಿ ಒಂದು ಹ್ಯಾಬಿಟ್ ಟ್ರ್ಯಾಕರ್

ಆಫೀಸ್ ಮುಗಿಸಿ, ಊಟ ಆದ ಮೇಲೆ ವಾರಕ್ಕೆ ನಾಲ್ಕು ದಿನ ಒಂದೂವರೆ ಗಂಟೆ ಕೂತರೆ ಮೂರು ತಿಂಗಳಿಗೆ 72 ಗಂಟೆ ಸಿಗುತ್ತದೆ. ದಿನದಿನದ ಅಭ್ಯಾಸಗಳಿಗೆ ಟಿಕ್ ಹಾಕುವ ಆಂಡ್ರಾಯ್ಡ್ ಆ್ಯಪ್ ಒಂದನ್ನು ಒಬ್ಬರೇ ಮಾಡಲು ಅಷ್ಟು ಸಾಕು. ಆದರೆ ಲೆಕ್ಕವನ್ನು ಕೊನೆಯಿಂದ ಹಾಕಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆ ನಿಮ್ಮದಾಗಿದ್ದರೆ, ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಆಹ್ವಾನಿತರಿಗೆ ಮಾತ್ರ ತೆರೆದ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕು. ಹಾಗಾಗಿ ಒಂಬತ್ತನೇ ವಾರಕ್ಕೆ ಆ್ಯಪ್ ಬೇರೆಯವರ ಕೈಗೆ ಹೋಗಬೇಕು.

ಮೊದಲ ತಿಂಗಳು ಒಂದೇ ಸ್ಕ್ರೀನ್: ಅಭ್ಯಾಸಗಳ ಪಟ್ಟಿ, ಇವತ್ತಿನ ಟಿಕ್. ಲಾಗಿನ್ ಬೇಡ, ಸರ್ವರ್ ಬೇಡ, ಎಲ್ಲ ಫೋನಿನಲ್ಲೇ ಉಳಿಯಲಿ. ಉಳಿದ ಸಮಯವನ್ನೆಲ್ಲ ದಿನಾಂಕಕ್ಕೆ ಕೊಡಿ. ಹೊಸಬರು ಜಾಸ್ತಿ ಎಡವುವುದು ಅಲ್ಲೇ.

ನನ್ನ ಗೆಳೆಯರೊಬ್ಬರು ಟಿಕ್ ಒತ್ತಿದ ಸಮಯವನ್ನು ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಉಳಿಸಿ, ಅದರಿಂದಲೇ ದಿನ ಎಣಿಸಿದ್ದರು. ಸೋಮವಾರ ಬೆಳಿಗ್ಗೆ 5ಕ್ಕೆ ವಾಕಿಂಗ್ ಮುಗಿಸಿ ಟಿಕ್ ಒತ್ತಿದರು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಅಲ್ವಾ? ಅಲ್ಲಿ ಇನ್ನೂ ಭಾನುವಾರ ರಾತ್ರಿ 11:30. ಮಂಗಳವಾರ 6ಕ್ಕೆ ಒತ್ತಿದ್ದು ಮಂಗಳವಾರಕ್ಕೇ ಬಿತ್ತು. ನಡುವೆ ಸೋಮವಾರ ಖಾಲಿ. ಒಂದು ದಿನವೂ ತಪ್ಪಿಸದವರ ಸತತ ದಿನಗಳ ಸರಣಿ ಮುರಿದುಹೋಯಿತು. ಹಗಲಲ್ಲಿ ಎಷ್ಟು ಪರೀಕ್ಷಿಸಿದರೂ ಈ ತಪ್ಪು ಕಾಣುವುದಿಲ್ಲ. ಫೋನಿನ ಗಡಿಯಾರವನ್ನು ಬೆಳಗಿನ 5ಕ್ಕೆ ತಿರುಗಿಸಿ ನೋಡಬೇಕು.

ಪರಿಹಾರ ಸರಳ. ಬಳಸುವವರ ಕ್ಯಾಲೆಂಡರಿನ ದಿನವನ್ನೇ `2025-03-04` ಎಂಬಂತೆ ಪಠ್ಯವಾಗಿ ಉಳಿಸಿ.

```sql
CREATE TABLE tick (
  habit_id INTEGER NOT NULL,
  day TEXT NOT NULL,
  PRIMARY KEY (habit_id, day)
);
```

`PRIMARY KEY` ಸಾಲಿನಿಂದಾಗಿ ಒಂದು ಅಭ್ಯಾಸಕ್ಕೆ ಒಂದೇ ದಿನ ಎರಡು ಟಿಕ್ ಬೀಳುವುದಿಲ್ಲ. ಸರಣಿಯ ಸಂಖ್ಯೆಯನ್ನು ಬೇರೆಯಾಗಿ ಉಳಿಸಬೇಡಿ. ಇವತ್ತಿನಿಂದ ಹಿಂದಕ್ಕೆ ಎಣಿಸಿ. ಇವತ್ತಿನ ಟಿಕ್ ಇನ್ನೂ ಬಿದ್ದಿಲ್ಲ ಅಂದರೆ ನಿನ್ನೆಯಿಂದ ಶುರು ಮಾಡಿ, ಇಲ್ಲದಿದ್ದರೆ ಬೆಳಗಾದ ಕೂಡಲೇ ಎಲ್ಲರ ಸರಣಿಯೂ ಸೊನ್ನೆ ತೋರಿಸುತ್ತದೆ.

ಎರಡನೇ ತಿಂಗಳು ಪೂರ್ತಿ ನೆನಪಿನ ಅಲಾರಂಗೆ. ಎರಡು ಸಂಜೆಯ ಕೆಲಸ ಅನಿಸುತ್ತದೆ, ಆದರೆ ಅಲ್ಲ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. ಫೋನ್ ಆಫ್ ಆಗಿ ಆನ್ ಆದರೆ ಇಟ್ಟ ಅಲಾರಂಗಳೆಲ್ಲ ಅಳಿಸಿಹೋಗುತ್ತವೆ, ಆ್ಯಪ್ ಮತ್ತೆ ಇಡಬೇಕು. ಸ್ವಲ್ಪ ತಡವಾದರೂ ನಡೆಯುತ್ತದೆ ಅಂದುಕೊಂಡರೆ, ನಿಖರ ಅಲಾರಂನ ವಿಶೇಷ ಅನುಮತಿಯ ಗೋಜೇ ಬೇಡ. ನೀರು ಕುಡಿಯಲು ನೆನಪಿಸುವುದಕ್ಕೆ ಅಷ್ಟು ಸಾಕು.

ಒಂಬತ್ತನೇ ವಾರ 12 ಅಲ್ಲ, 16 ಜನರನ್ನು ಸೇರಿಸಿ, ನಡುವೆ ಕೆಲವರು ಬಿಟ್ಟುಹೋಗುತ್ತಾರೆ. ಬೇರೆ ಬೇರೆ ಕಂಪನಿಯ ಫೋನ್ ಇರುವವರನ್ನೇ ಆರಿಸಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕೆಲವು ಫೋನುಗಳಲ್ಲಿ ಅಲಾರಂ ತಡೆಯುತ್ತದೆ. ‘ಹೇಗಿದೆ?’ ಅಂತ ಸುಮ್ನೆ ಕೇಳಬೇಡಿ, ‘ನಿನ್ನೆ ನೋಟಿಫಿಕೇಶನ್ ಎಷ್ಟು ಗಂಟೆಗೆ ಬಂತು?’ ಅಂತ ಕೇಳಿ. ಹನ್ನೊಂದನೇ ವಾರ ಆ್ಯಪನ್ನು ಎಲ್ಲರಿಗೂ ಬಿಡಲು ಅರ್ಜಿ ಹಾಕಿ. ಉಳಿದ ಸಂಜೆಗಳು ಗೂಗಲ್‌ನ ಪರಿಶೀಲನೆಗೆ ಕಾಯಲು ಮತ್ತು ಅವರು ಹೇಳಿದ ತಿದ್ದುಪಡಿಗೆ. ಗ್ರಾಫ್, ವಿಜೆಟ್ ಆಮೇಲೆ.